ಐದು ತಿಂಗಳು ಬಾಳಿದ ಟ್ಯೂಬು: ಎಣ್ಣೆ ಚರ್ಮ ಮತ್ತು ಎಸ್‌ಪಿಎಫ್ 50ರ ಒಂದು ಪ್ರಕರಣ

ವಯಸ್ಸು 26. ಮುಖ ತೊಳೆದ ಎರಡು ಗಂಟೆಯೊಳಗೆ ಹಣೆ, ಮೂಗು, ಗದ್ದದ ಮೇಲೆ ಜಿಡ್ಡು ಹೊಳೆಯುವ ಚರ್ಮ. ಕೆನ್ನೆಯಲ್ಲಿ ಆಗಾಗ ಮೊಡವೆ. ಮೊಡವೆ ವಾಸಿಯಾದ ಜಾಗದಲ್ಲೆಲ್ಲ ಕಂದು ಕಲೆ. ರಾತ್ರಿ ಹೊತ್ತು ಮೊಡವೆಗೆಂದು ವೈದ್ಯರು ಕೊಟ್ಟ ಅಡಾಪಲೀನ್ ಜೆಲ್ ಹಚ್ಚುತ್ತಾಳೆ. ಬೆಳಗ್ಗೆ ತಪ್ಪದೆ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್. ಕೆಲಸ ಕಿಟಕಿ ಪಕ್ಕದ ಮೇಜಿನಲ್ಲಿ, ಮಧ್ಯಾಹ್ನ ಇಪ್ಪತ್ತು ನಿಮಿಷ ಬಿಸಿಲಲ್ಲಿ ನಡಿಗೆ. ಆಕೆಯ ದೂರು ಇಷ್ಟು: ಒಂದು ದಿನವೂ ಬಿಡದೆ ಹಚ್ಚಿದರೂ ಕಲೆಗಳು ಮಾಸುತ್ತಿಲ್ಲ, ಬದಲಿಗೆ ಕಪ್ಪಾಗುತ್ತಿವೆ. ಮುಖದ ಬಣ್ಣ ಕತ್ತಿನ ಕೆಳಗಿನ ಬಣ್ಣಕ್ಕಿಂತ ಎದ್ದು ಕಾಣುವಷ್ಟು ಗಾಢವಾಗಿದೆ. ಹಾಗಾದರೆ ಎಸ್‌ಪಿಎಫ್ 100 ಬೇಕೇ?

ಮುಖ ನೋಡಿದಾಗ ಎರಡು ಸಂಗತಿ ಕಂಡವು. ಬಿಸಿಲಿಗೆ ಚರ್ಮ ಕೆಂಪಾದ, ಉರಿದ, ಸಿಪ್ಪೆ ಎದ್ದ ಗುರುತು ಎಲ್ಲೂ ಇರಲಿಲ್ಲ. ಮತ್ತು ಎಡಗೆನ್ನೆಯ ಕಲೆಗಳು ಬಲಗೆನ್ನೆಯವಕ್ಕಿಂತ ಗಾಢವಾಗಿದ್ದವು. ಕಿಟಕಿ ಇದ್ದದ್ದು ಎಡಗಡೆಗೆ.

ಇವೆರಡಕ್ಕಿಂತ ಹೆಚ್ಚು ಹೇಳಿದ್ದು ಟ್ಯೂಬು. 50 ಗ್ರಾಮಿನ ಟ್ಯೂಬು ಎಷ್ಟು ದಿನ ಬರುತ್ತದೆ ಎಂದು ಕೇಳಿದಾಗ ಬಂದ ಉತ್ತರ, ಐದು ತಿಂಗಳು. ಸನ್‌ಸ್ಕ್ರೀನ್ ಕೆಲಸ ಮಾಡುತ್ತಿಲ್ಲ ಎಂದು ಯಾರೇ ಹೇಳಿದರೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಯಾವ ಕಂಪನಿಯದ್ದು, ಎಷ್ಟು ಎಸ್‌ಪಿಎಫ್ ಎನ್ನುವುದೆಲ್ಲ ಆಮೇಲೆ.

ಟ್ಯೂಬು ಕೊಟ್ಟ ಲೆಕ್ಕ

50 ಗ್ರಾಮನ್ನು 150 ದಿನಕ್ಕೆ ಹಂಚಿದರೆ ದಿನಕ್ಕೆ 0.33 ಗ್ರಾಂ. ಒಂದು ಬಟಾಣಿ ಕಾಳಿಗಿಂತ ಹೆಚ್ಚೇನಿಲ್ಲ. ಇದನ್ನು ಆಕೆ ಮುಖ, ಕಿವಿ, ಕತ್ತಿನ ಮುಂಭಾಗಕ್ಕೆಲ್ಲ ಸವರುತ್ತಿದ್ದಳು. ದೊಡ್ಡವರಲ್ಲಿ ಈ ಜಾಗವೆಲ್ಲ ಸೇರಿದರೆ ಅಂದಾಜು 600 ಚದರ ಸೆಂಟಿಮೀಟರ್. ಅಂದರೆ ಒಂದು ಚದರ ಸೆಂಟಿಮೀಟರಿಗೆ ಬಿದ್ದದ್ದು 0.55 ಮಿಲಿಗ್ರಾಂ.

ಟ್ಯೂಬಿನ ಮೇಲಿನ 50 ಎಂಬ ಅಂಕಿ ಬಂದದ್ದು ಬೇರೆಯೇ ಅಳತೆಯಲ್ಲಿ. ಪ್ರಯೋಗಾಲಯದಲ್ಲಿ ಸ್ವಯಂಸೇವಕರ ಬೆನ್ನಿನ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಸನ್‌ಸ್ಕ್ರೀನ್ ಹಚ್ಚುತ್ತಾರೆ, ಒಣಗಲು ಬಿಡುತ್ತಾರೆ, ಆಮೇಲೆ ಸೂರ್ಯನ ಬೆಳಕನ್ನು ಹೋಲುವ ದೀಪದಿಂದ ಅತಿನೇರಳೆ ಕಿರಣ ಬಿಡುತ್ತಾರೆ. ಹಚ್ಚದ ಚರ್ಮ ಕೆಂಪಾಗಲು ಎಷ್ಟು ಕಿರಣ ಬೇಕು, ಹಚ್ಚಿದ ಚರ್ಮ ಕೆಂಪಾಗಲು ಅದರ ಎಷ್ಟು ಪಟ್ಟು ಬೇಕು ಎಂಬ ಅನುಪಾತವೇ ಎಸ್‌ಪಿಎಫ್. ಐವತ್ತು ಪಟ್ಟು ಬೇಕಾದರೆ ಎಸ್‌ಪಿಎಫ್ 50. ಆಕೆ ಹಚ್ಚುತ್ತಿದ್ದದ್ದು ಆ ಅಳತೆಯ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ.

ಕಾಲುಭಾಗ ಹಚ್ಚಿದರೆ ರಕ್ಷಣೆಯೂ ಕಾಲುಭಾಗಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಂಡರೂ ಉಳಿಯುವುದು ಎಸ್‌ಪಿಎಫ್ 12–13. ಕೆಲವು ಪ್ರಯೋಗಗಳಲ್ಲಿ ಇಳಿಕೆ ಇದಕ್ಕಿಂತ ಕಡಿದಾಗಿಯೇ ಕಂಡಿದೆ. ಪದರ ತೆಳ್ಳಗಾದಾಗ ಚರ್ಮದ ಸಣ್ಣ ಸಣ್ಣ ಏರು ಬರಿದಾಗಿ, ಲೇಪವೆಲ್ಲ ತಗ್ಗಿನಲ್ಲಿ ಕೂರುತ್ತದೆ. ಬರಿದಾದ ಜಾಗದಿಂದ ಕಿರಣ ನೇರ ಒಳಗಿಳಿಯುತ್ತದೆ. ಹೀಗಾಗಿ ಎಸ್‌ಪಿಎಫ್ 100 ತಂದು ಅದೇ ಬಟಾಣಿಯಷ್ಟು ಹಚ್ಚಿದರೆ ಆಕೆಯ ತೊಂದರೆ ಅರ್ಧವೂ ತೀರುತ್ತಿರಲಿಲ್ಲ.

ಎಸ್‌ಪಿಎಫ್ ಅನ್ನು ಸಮಯವಾಗಿ ಓದುವ ರೂಢಿಯೊಂದಿದೆ. ‘ಹತ್ತು ನಿಮಿಷಕ್ಕೆ ಸುಡುವ ಚರ್ಮ, ಎಸ್‌ಪಿಎಫ್ 50 ಹಚ್ಚಿದರೆ 500 ನಿಮಿಷ ಸುಡುವುದಿಲ್ಲ’ ಎನ್ನುವ ಲೆಕ್ಕ. ಇದು ತಪ್ಪು. ಅಂಕಿ ಹೇಳುವುದು ಕಿರಣದ ಮೊತ್ತವನ್ನು. ನಡುಹಗಲಿನ ಹದಿನೈದು ನಿಮಿಷದಲ್ಲಿ ಬೀಳುವ ಕಿರಣ ಬೆಳಗಿನ ಒಂದು ಗಂಟೆಯದ್ದಕ್ಕೆ ಸಮವಿರಬಹುದು. ಮೇಲಾಗಿ ಲೇಪ ಅಷ್ಟು ಹೊತ್ತು ಚರ್ಮದ ಮೇಲೆ ಹಾಗೇ ಕೂತಿರುವುದೂ ಇಲ್ಲ.

‘30 ಆದರೆ ಶೇ 97 ತಡೆಯುತ್ತದೆ, 50 ಆದರೆ ಶೇ 98, ವ್ಯತ್ಯಾಸ ಒಂದೇ’ ಎಂಬ ಇನ್ನೊಂದು ಮಾತು ಎಲ್ಲೆಡೆ ಓಡಾಡುತ್ತದೆ. ಅಂಕಿ ಸರಿ, ತೀರ್ಮಾನ ಸರಿಯಲ್ಲ. ಚರ್ಮಕ್ಕೆ ಮುಖ್ಯವಾದದ್ದು ತಡೆದಷ್ಟಲ್ಲ, ಒಳಗೆ ಹೋದಷ್ಟು. 30ರಲ್ಲಿ ಒಳಹೋಗುವುದು ಶೇ 3.3, 50ರಲ್ಲಿ ಶೇ 2. ನೂರರಲ್ಲಿ ನಲವತ್ತರಷ್ಟು ಕಡಿಮೆ. ಕಲೆ ಉಳಿಯುವ ಚರ್ಮಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಆದರೆ ಪೂರ್ತಿ ಅಳತೆ ಹಚ್ಚಿದರೆ ಮಾತ್ರ.

ಸುಡಲಿಲ್ಲ, ಆದರೂ ಕಪ್ಪಾಯಿತು

ಬಿಸಿಲಿಗೆ ಕೆಂಪಾಗಿಲ್ಲ, ಸಿಪ್ಪೆ ಎದ್ದಿಲ್ಲ, ಆದರೂ ಬಣ್ಣ ಏರಿದೆ. ಕಂದು ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ ಎನ್ನುವುದೂ ಇಲ್ಲಿ ಸೇರಿಕೊಂಡಿರಬಹುದು. ಆದರೆ ಕಿಟಕಿ ಕಡೆಯ ಕೆನ್ನೆ ಹೆಚ್ಚು ಗಾಢವಾಗಿರುವುದು ಬೇರೆ ಕಡೆಗೆ ಕೈತೋರಿಸುತ್ತದೆ.

ಚರ್ಮವನ್ನು ಕೆಂಪಾಗಿಸಿ ಸುಡುವುದು ಮುಖ್ಯವಾಗಿ ಯುವಿಬಿ ಎಂಬ ಬಗೆಯ ಅತಿನೇರಳೆ ಕಿರಣ. ಎಸ್‌ಪಿಎಫ್ ಅಳೆಯುವುದು ಬಹುಮಟ್ಟಿಗೆ ಇದನ್ನೇ, ಏಕೆಂದರೆ ಪರೀಕ್ಷೆಯಲ್ಲಿ ನೋಡುವುದು ಕೆಂಪಾಗುವುದನ್ನು. 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಯುವಿಎ ಇದಕ್ಕಿಂತ ಆಳಕ್ಕಿಳಿದು ಬಣ್ಣ ಏರಿಸುತ್ತದೆ, ಕಲೆಯನ್ನು ಗಾಢಮಾಡುತ್ತದೆ. ಸಾಮಾನ್ಯ ಕಿಟಕಿ ಗಾಜು ಯುವಿಬಿಯನ್ನು ಹೆಚ್ಚೂಕಡಿಮೆ ಪೂರ್ತಿ ತಡೆದರೂ ಯುವಿಎಯ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ಹಾಗಾಗಿ ದಿನವಿಡೀ ಗಾಜಿನ ಹಿಂದೆ ಕೂತವರು ಸುಡುವುದಿಲ್ಲ, ಕಪ್ಪಾಗುತ್ತಾರೆ.

ಆಕೆಯ ಟ್ಯೂಬಿನ ಮೇಲೆ ಎಸ್‌ಪಿಎಫ್ 50ರ ಪಕ್ಕದಲ್ಲಿ ಸಣ್ಣದಾಗಿ ಪಿಎ++ ಎಂದಿತ್ತು. ಪಿಎ ಎನ್ನುವುದು ಜಪಾನಿನಲ್ಲಿ ಶುರುವಾದ ಯುವಿಎ ಶ್ರೇಣಿ. ಇಲ್ಲಿ ನೋಡುವುದು ಚರ್ಮ ಕೆಂಪಾಗುವುದನ್ನಲ್ಲ, ಯುವಿಎ ಬಿದ್ದ ಚರ್ಮದಲ್ಲಿ ಕಂದು ಬಣ್ಣ ಉಳಿದುಕೊಳ್ಳುವುದನ್ನು. ಯುವಿಎ ರಕ್ಷಣೆಯ ಅಂಕಿ 2ರಿಂದ 4 ಇದ್ದರೆ ಒಂದು ಪ್ಲಸ್, 4ರಿಂದ 8 ಇದ್ದರೆ ಎರಡು, 8ರಿಂದ 16 ಇದ್ದರೆ ಮೂರು, 16 ಅಥವಾ ಹೆಚ್ಚಾದರೆ ನಾಲ್ಕು. ಅಂದರೆ ಆಕೆಯ ಸನ್‌ಸ್ಕ್ರೀನ್ ಪೂರ್ತಿ ಅಳತೆ ಹಚ್ಚಿದಾಗಲೂ ಯುವಿಬಿಯಲ್ಲಿ ಐವತ್ತರಲ್ಲಿ ಒಂದು ಪಾಲು ಬಿಟ್ಟರೆ, ಯುವಿಎಯಲ್ಲಿ ನಾಲ್ಕರಿಂದ ಎಂಟರಲ್ಲಿ ಒಂದು ಪಾಲು ಬಿಡುವಂಥದ್ದು. ಕಾಲುಭಾಗ ಹಚ್ಚಿದಾಗ ಯುವಿಎ ರಕ್ಷಣೆ ಹೆಸರಿಗೆ ಮಾತ್ರ ಉಳಿಯುತ್ತದೆ. ಆಕೆಯ ಮುಖದಲ್ಲಿ ಕಂಡದ್ದು ಇದೇ.

ಪಿಎ ಗುರುತು ಇಲ್ಲದ ಟ್ಯೂಬುಗಳೂ ಇವೆ. ಯುರೋಪಿನ ಪದ್ಧತಿಯಲ್ಲಿ ವೃತ್ತದೊಳಗೆ ‘ಯುವಿಎ’ ಎಂದು ಬರೆದಿದ್ದರೆ ಯುವಿಎ ರಕ್ಷಣೆ ಎಸ್‌ಪಿಎಫ್‌ನ ಮೂರನೇ ಒಂದು ಭಾಗವಾದರೂ ಇದೆ ಎಂದರ್ಥ. ಎಸ್‌ಪಿಎಫ್ 50ಕ್ಕೆ ಈ ವೃತ್ತವಿದ್ದರೆ ಯುವಿಎ ಅಂಕಿ 16ರ ಆಸುಪಾಸು ಅಥವಾ ಮೇಲೆ, ಅಂದರೆ ಪಿಎ++++ಕ್ಕೆ ಹತ್ತಿರ. ಎಸ್‌ಪಿಎಫ್ 30ಕ್ಕೆ ಇದ್ದರೆ ಕನಿಷ್ಠ 10, ಅಂದರೆ ಮೂರು ಪ್ಲಸ್. ಅಮೆರಿಕದ ‘ಬ್ರಾಡ್ ಸ್ಪೆಕ್ಟ್ರಮ್’ ಎಂಬ ಮಾತು ರಕ್ಷಣೆ 370 ನ್ಯಾನೋಮೀಟರಿನವರೆಗಾದರೂ ಹಬ್ಬಿದೆ ಎನ್ನುತ್ತದೆ, ಎಷ್ಟು ಬಲವಾಗಿ ಎಂದು ಹೇಳುವುದಿಲ್ಲ. ಕಲೆಯ ಸಮಸ್ಯೆ ಇರುವವರು ಬರೀ ಆ ಮಾತೊಂದನ್ನು ನಂಬಿ ಕೂರದೆ ವೃತ್ತವನ್ನೋ ಪ್ಲಸ್‌ಗಳನ್ನೋ ಹುಡುಕುವುದು ಒಳ್ಳೆಯದು.

ಟ್ಯೂಬಿನ ಹಿಂದಿನ ಪಟ್ಟಿಯಲ್ಲಿ ಇನ್ನೊಂದು ತೊಡಕಿತ್ತು. ಯುವಿಎ ತಡೆಯಲು ಇದ್ದದ್ದು ಅವೊಬೆನ್‌ಜೋನ್ ಒಂದೇ, ಜೊತೆಗೆ ಯುವಿಬಿಗೆ ಆಕ್ಟಿನಾಕ್ಸೇಟ್. ಈ ಎರಡನ್ನು ಒಟ್ಟಿಗೆ ಬಿಸಿಲಿಗೆ ಒಡ್ಡಿದರೆ ಒಂದನ್ನೊಂದು ಕೆಡಿಸುತ್ತವೆ. ಹೊತ್ತು ಕಳೆದಂತೆ ಯುವಿಎ ತಡೆ ಕುಸಿಯುತ್ತದೆ. ಆಕ್ಟೋಕ್ರಿಲೀನ್ ಅಥವಾ ಬೆಮೋಟ್ರಿಜಿನಾಲ್‌ನಂಥದ್ದು ಸೇರಿದ್ದರೆ ಅವೊಬೆನ್‌ಜೋನ್ ಹೆಚ್ಚು ಹೊತ್ತು ನಿಲ್ಲುತ್ತದೆ. ಈ ಪಟ್ಟಿಯಲ್ಲಿ ಎರಡೂ ಇರಲಿಲ್ಲ.

ಕಡಿಮೆ ಹಚ್ಚಲು ಕಾರಣ

‘ಇನ್ನು ಮೇಲೆ ನಾಲ್ಕು ಪಟ್ಟು ಹಚ್ಚಿ’ ಎಂದು ಹೇಳಿ ಕಳಿಸುವುದು ಸುಲಭ. ಆಕೆ ಅದನ್ನು ಎರಡು ದಿನ ಮಾಡಿ ಬಿಟ್ಟಳು. ಮುಖವೆಲ್ಲ ಎಣ್ಣೆ ಸುರಿದಂತಾಗಿ, ಬೆವರಿದಾಗ ಕಣ್ಣಿಗಿಳಿದು ಉರಿಯಿತು. ಬಟಾಣಿಯಷ್ಟಕ್ಕೆ ಆಕೆ ಇಳಿದದ್ದು ಅಸಡ್ಡೆಯಿಂದಲ್ಲ, ಆ ಕ್ರೀಮನ್ನು ಎಣ್ಣೆ ಚರ್ಮ ಅದಕ್ಕಿಂತ ಹೆಚ್ಚು ತಾಳುತ್ತಿರಲಿಲ್ಲ. ಎಣ್ಣೆ ಚರ್ಮದವರಿಗೆ ಫಾರ್ಮುಲಾ ಮುಖ್ಯವಾಗುವುದು ಇದೇ ಕಾರಣಕ್ಕೆ: ಎಷ್ಟು ಹಚ್ಚಬಲ್ಲಿರಿ ಎಂಬುದನ್ನು ಅದು ತೀರ್ಮಾನಿಸುತ್ತದೆ. ಪೂರ್ತಿ ಅಳತೆ ಹಚ್ಚಲಾಗುವ ಎಸ್‌ಪಿಎಫ್ 30, ಬಟಾಣಿಯಷ್ಟು ಮಾತ್ರ ಹಚ್ಚಲಾಗುವ 50ಕ್ಕಿಂತ ಎಷ್ಟೋ ಮೇಲು.

ಸನ್‌ಸ್ಕ್ರೀನ್ ಜಿಡ್ಡಾಗಲು ಕ್ರೀಮಿನ ಎಣ್ಣೆಯಷ್ಟೇ ಕಾರಣವಲ್ಲ. ಆಕ್ಟಿನಾಕ್ಸೇಟ್, ಆಕ್ಟಿಸಲೇಟ್, ಹೋಮೋಸಲೇಟ್ ಇವೆಲ್ಲ ಸ್ವತಃ ಎಣ್ಣೆಯಂಥ ದ್ರವಗಳು, ಆಕ್ಟೋಕ್ರಿಲೀನ್ ಅಂತೂ ಮಂದವಾದ ಅಂಟು ಎಣ್ಣೆ. ಅವೊಬೆನ್‌ಜೋನ್‌ನಂಥವು ಪುಡಿಯಾದರೂ ಅವನ್ನು ಕರಗಿಸಿಡಲು ಎಣ್ಣೆ ಬೇಕು. ಎಸ್‌ಪಿಎಫ್ ಏರಿಸಬೇಕಾದರೆ ಇವುಗಳ ಪ್ರಮಾಣವನ್ನೂ ಏರಿಸಬೇಕು. ಹಾಗಾಗಿ ‘ಆಯಿಲ್ ಫ್ರೀ’ ಎಂದು ಬರೆದ ಎಸ್‌ಪಿಎಫ್ 50ರಲ್ಲೂ ಎಣ್ಣೆಯಂಥ ವಸ್ತು ಸಾಕಷ್ಟು ಇರುತ್ತದೆ. ಆ ಮಾತಿನ ಅರ್ಥ ಖನಿಜ ಎಣ್ಣೆಯೋ ಸಸ್ಯದ ಎಣ್ಣೆಯೋ ಸೇರಿಸಿಲ್ಲ ಎಂದಷ್ಟೇ. ಚರ್ಮದ ರಂಧ್ರ ಮುಚ್ಚುವುದಿಲ್ಲ ಎಂಬರ್ಥದ ‘ನಾನ್ ಕಾಮೆಡೋಜೆನಿಕ್’ ಎಂಬುದಕ್ಕೂ ಎಲ್ಲರೂ ಒಪ್ಪಿದ ಒಂದೇ ಪರೀಕ್ಷೆಯಿಲ್ಲ. ಹುಡುಕಾಟ ಶುರುಮಾಡಲು ಅದು ಸಾಕು, ಭರವಸೆಗೆ ಸಾಲದು.

ಎಣ್ಣೆ ಚರ್ಮಕ್ಕೆಂದು ಮಾಡಿದವುಗಳಲ್ಲಿ ಆಕೆ ನೋಡಿದ್ದು ಮೂರು ಬಗೆ. ಮೂರೂ ಬೇರೆ ಬೇರೆ ರೀತಿಯಲ್ಲಿ ಜಿಡ್ಡನ್ನು ಸಂಭಾಳಿಸುತ್ತವೆ, ಬೇರೆ ಬೇರೆ ರೀತಿಯಲ್ಲಿ ಕೈಕೊಡುತ್ತವೆ.

ಮೊದಲನೆಯದು ಪಾರದರ್ಶಕ ಸಿಲಿಕೋನ್ ಜೆಲ್. ಪಟ್ಟಿಯ ಮೊದಲ ಸಾಲಿನಲ್ಲೇ ಡೈಮೆಥಿಕೋನ್ ಮತ್ತು ಕ್ರಾಸ್‌ಪಾಲಿಮರ್ ಎಂದು ಕೊನೆಯಾಗುವ ಹೆಸರುಗಳು ಕಾಣುತ್ತವೆ. ಚರ್ಮದ ಮೇಲೆ ರೇಷ್ಮೆಯ ನುಣುಪು, ಬಿಳಿ ಛಾಯೆ ಇಲ್ಲವೇ ಇಲ್ಲ. ತೊಂದರೆ ಎಂದರೆ ತೀರಾ ಸ್ವಲ್ಪ ಹಚ್ಚಿದರೂ ಮುಖವೆಲ್ಲ ಜಾರುತ್ತಾ ಹಬ್ಬುತ್ತದೆ, ಸಾಕಷ್ಟು ಹಚ್ಚಿದ ಭಾವ ಬಂದುಬಿಡುತ್ತದೆ. ಆಕೆ ನಯಾಸಿನಮೈಡ್ ಸೀರಮ್, ಅದರ ಮೇಲೆ ಜೆಲ್ ಮಾಯಿಶ್ಚರೈಸರ್, ಅದರ ಮೇಲೆ ಇದನ್ನು ಹಚ್ಚಿದಳು. ಎರಡನೇ ಪದರ ಸವರುವಾಗ ಗದ್ದದ ಬಳಿ ಲೇಪ ರಬ್ಬರಿನಿಂದ ಅಳಿಸಿದಾಗ ಏಳುವ ಚೂರುಗಳ ಹಾಗೆ ಸುರುಳಿಸುರುಳಿಯಾಗಿ ಎದ್ದು ಬಂತು. ನೀರಿನ ಜೆಲ್‌ಗಳಲ್ಲಿ ಮಂದತೆಗೆ ಹಾಕುವ ಕಾರ್ಬೋಮರ್, ಅಂಟುಗಳು ಪೂರ್ತಿ ಒಣಗುವ ಮೊದಲೇ ಅವುಗಳ ಮೇಲೆ ಸಿಲಿಕೋನ್ ಪದರ ಉಜ್ಜಿದರೆ ಹೀಗಾಗುತ್ತದೆ. ಒಂದಕ್ಕೊಂದು ಅಂಟಿಕೊಳ್ಳದ ಎರಡು ಪದರ ಕೈಯ ಉಜ್ಜಿಗೆ ಕಿತ್ತು ಬರುತ್ತವೆ. ಹೀಗೆ ಎದ್ದ ಜಾಗದಲ್ಲಿ ಸನ್‌ಸ್ಕ್ರೀನ್ ಇಲ್ಲ ಎಂದೇ ತಿಳಿಯಬೇಕು. ಅದನ್ನು ಉಜ್ಜಿ ಸರಿಮಾಡಲು ಹೋಗದೆ, ಆ ಭಾಗ ಒರೆಸಿ ಮತ್ತೆ ಹಚ್ಚಬೇಕು.

ಎರಡನೆಯದು ಅಲುಗಾಡಿಸಿ ಹಚ್ಚುವ ತೆಳು ದ್ರವ. ಇದರಲ್ಲಿ ಆಲ್ಕೋಹಾಲ್ ಪಟ್ಟಿಯ ಮೇಲ್ಭಾಗದಲ್ಲೇ ಇರುತ್ತದೆ. ಅದು ಆರಿಹೋಗಿ ತೆಳ್ಳನೆಯ ಒಣ ಪದರ ಉಳಿಯುತ್ತದೆ. ಎಣ್ಣೆ ಚರ್ಮದ ಬಹಳ ಜನಕ್ಕೆ ಇದು ಇಷ್ಟವಾಗುತ್ತದೆ, ಬೆವರುವ ದಿನಗಳಲ್ಲಿ ನಿಜಕ್ಕೂ ಹಿತ. ಆದರೆ ಅಡಾಪಲೀನ್‌ನಿಂದ ಮೂಗಿನ ಪಕ್ಕ ಸಿಪ್ಪೆ ಎದ್ದಿದ್ದ ಆಕೆಗೆ ಚುರುಚುರು ಉರಿಯಿತು. ಚರ್ಮ ಕೆರಳಿದ್ದಾಗ ಇದು ತಕ್ಕುದಲ್ಲ, ಏಕೆಂದರೆ ಕೆರಳಿದ ಚರ್ಮವೂ ಕಂದು ಕಲೆ ಬಿಡುತ್ತದೆ. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸದಿದ್ದರೆ ತಳದಲ್ಲಿ ಕೂತ ಪುಡಿ ಮೇಲೇಳದೆ ರಕ್ಷಣೆಯೂ ಏರುಪೇರಾಗುತ್ತದೆ.

ಮೂರನೆಯದು ಹಗುರ ಜೆಲ್-ಕ್ರೀಮ್. ಪಿಎ++++, ಎಸ್‌ಪಿಎಫ್ 50. ಇದರಲ್ಲಿ ಬೆಮೋಟ್ರಿಜಿನಾಲ್ ಮತ್ತು ಈಥೈಲ್‌ಹೆಕ್ಸೈಲ್ ಟ್ರಯಜೋನ್‌ನಂಥ, ಕಡಿಮೆ ಪ್ರಮಾಣದಲ್ಲೇ ಹೆಚ್ಚು ಕೆಲಸ ಮಾಡುವ, ಬಿಸಿಲಿಗೆ ಕೆಡದ ಫಿಲ್ಟರ್‌ಗಳು, ಅಂದರೆ ಕಿರಣ ತಡೆಯುವ ವಸ್ತುಗಳು, ಇದ್ದವು. ಕಡಿಮೆ ಫಿಲ್ಟರ್ ಸಾಕಾದಾಗ ಎಣ್ಣೆಯ ಹೊರೆಯೂ ತಗ್ಗುತ್ತದೆ. (ಫಿಲ್ಟರ್‌ಗಳ ಅನುಮತಿ ದೇಶದಿಂದ ದೇಶಕ್ಕೆ ಬೇರೆ, ಎಲ್ಲ ಹೆಸರೂ ಎಲ್ಲ ಕಡೆಯ ಟ್ಯೂಬಿನಲ್ಲಿ ಸಿಗುವುದಿಲ್ಲ.) ಜೊತೆಗೆ ಎಣ್ಣೆ ಹೀರುವ ಸಿಲಿಕಾ ಪುಡಿ. ಆಕೆಗೆ ಹಿಡಿಸಿದ್ದು, ಮುಖ್ಯವಾಗಿ ಪೂರ್ತಿ ಅಳತೆ ಹಚ್ಚಿದರೂ ತಾಳಿಕೊಂಡದ್ದು ಇದೊಂದೇ.

ಜಿಂಕ್ ಆಕ್ಸೈಡ್ ಮಾತ್ರ ಇರುವ ಖನಿಜ ಸನ್‌ಸ್ಕ್ರೀನ್ ಆಕೆ ಬೇಡವೆಂದಳು. ಅದು ಎಣ್ಣೆ ಹೀರಿ ಮುಖವನ್ನು ಮ್ಯಾಟ್ ಆಗಿಸುತ್ತದೆ, ಕಣ್ಣಿಗೂ ಉರಿಯುವುದು ಕಡಿಮೆ, ಆದರೆ ಕಂದು ಮುಖದ ಮೇಲೆ ಪೂರ್ತಿ ಅಳತೆ ಹಚ್ಚಿದಾಗ ಬೂದು ಬಳಿದಂತಾಗುತ್ತದೆ. ಅಲ್ಲಿಗೆ ಮತ್ತೆ ಕಡಿಮೆ ಹಚ್ಚುವ ಹಳೆಯ ಕಥೆ.

ಹಚ್ಚುವ ಅಳತೆ, ಹಚ್ಚುವ ಬಗೆ

600 ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಮಿನಂತೆ 1.2 ಗ್ರಾಂ ಬೇಕು. ಇದನ್ನು ಕೈಯಲ್ಲಿ ಅಳೆಯುವ ರೂಢಿಯ ದಾರಿ ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡುವುದು. ಆಕೆ ಹಾಗೇ ಮಾಡಿದಳು. ವಾರದ ಮೊದಲ ದಿನ ಮತ್ತು ಕೊನೆಯ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಟ್ಯೂಬು ಇಟ್ಟು ನೋಡಿದಾಗ ಕರಗಿದ್ದು 6 ಗ್ರಾಂ ಮಾತ್ರ. ಇರಬೇಕಾದದ್ದು 8.4. ಹೊಸ ಟ್ಯೂಬಿನ ಬಾಯಿ ಕಿರಿದು, ಗೆರೆ ಸಣ್ಣಗೆ ಬೀಳುತ್ತಿತ್ತು, ಬೆರಳೂ ಚಿಕ್ಕದು. ಮೂರು ಗೆರೆ ಮಾಡಿದ ಮೇಲೆ ಲೆಕ್ಕ ಕೂಡಿಬಂತು. ಬೆರಳಿನ ಗೆರೆ ಒಂದು ಅಂದಾಜು, ತಕ್ಕಡಿಯೇ ಸಾಕ್ಷಿ. ಒಂದು ವಾರ ತೂಗಿದರೆ ನಿಮ್ಮ ಟ್ಯೂಬಿಗೆ, ನಿಮ್ಮ ಬೆರಳಿಗೆ ಎಷ್ಟು ಗೆರೆ ಎಂದು ಗೊತ್ತಾಗುತ್ತದೆ, ಆಮೇಲೆ ತಕ್ಕಡಿ ಬೇಡ. ಹರಿಯುವ ದ್ರವದ ಬಾಟಲಿಗಾದರೆ ಗೆರೆ ನಿಲ್ಲುವುದೇ ಇಲ್ಲ, ತೂಕವೊಂದೇ ದಾರಿ. ಅಂಗೈಗೆ ಸುರಿದುಕೊಂಡು ಎರಡೂ ಕೈ ಉಜ್ಜಿ ಮುಖಕ್ಕೆ ಹಚ್ಚಿದರೆ ಗಣನೀಯ ಪಾಲು ಅಂಗೈಗೇ ಹೋಗುತ್ತದೆ ಎನ್ನುವುದೂ ನೆನಪಿರಲಿ.

ಬೆಳಗಿನ ಕ್ರಮ ಹೀಗೆ ಬದಲಾಯಿತು. ಮುಖ ತೊಳೆದು ಒತ್ತಿ ಒರೆಸಿದ ಮೇಲೆ ನಯಾಸಿನಮೈಡ್‌ನ ತೆಳು ಪದರ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯುವುದು. ಬೆಳಗಿನ ಮಾಯಿಶ್ಚರೈಸರ್ ಪೂರ್ತಿ ಬಿಟ್ಟಳು, ಏಕೆಂದರೆ ಜೆಲ್-ಕ್ರೀಮಿನಲ್ಲೇ ಗ್ಲಿಸರಿನ್ ಇತ್ತು; ಎಣ್ಣೆ ಚರ್ಮಕ್ಕೆ ಅಷ್ಟು ಸಾಕು. ಆಮೇಲೆ ಸನ್‌ಸ್ಕ್ರೀನಿನ ಅರ್ಧ ಭಾಗ, ಅಂದರೆ 0.6 ಗ್ರಾಮನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದದ ಮೇಲೆ ಚುಕ್ಕಿಯಾಗಿಟ್ಟು, ಒಂದೇ ದಿಕ್ಕಿನಲ್ಲಿ ಹಗುರವಾಗಿ ಸವರುವುದು. ಎರಡು ಮೂರು ನಿಮಿಷ ಬಿಟ್ಟು ಉಳಿದರ್ಧ. ಒಟ್ಟಿಗೆ ಹಚ್ಚಿದರೆ ಜಾರುವ ಲೇಪ ಎರಡು ಸಲವಾದರೆ ಕೂರುತ್ತದೆ, ಮೊದಲ ಸಲ ತಪ್ಪಿದ ಜಾಗಕ್ಕೂ ಎರಡನೇ ಸಲ ತಲುಪುತ್ತದೆ. ತಪ್ಪುವ ಜಾಗಗಳು ಎಲ್ಲರಲ್ಲೂ ಬಹುತೇಕ ಅವೇ: ಮೂಗಿನ ಎರಡು ಮಗ್ಗುಲು, ಕಣ್ಣಿನ ಸುತ್ತ, ಕೂದಲಂಚು, ಕಿವಿ, ದವಡೆಯ ಕೆಳಗೆ. ಹಚ್ಚಿ ಹದಿನೈದು ನಿಮಿಷವಾದ ಮೇಲೆ ಹೊರಗೆ.

ಕಣ್ಣಿನುರಿಗೆ ಪರಿಹಾರ ಬೇರೆಯೇ ಇತ್ತು. ರಾಸಾಯನಿಕ ಫಿಲ್ಟರ್ ಕರಗಿದ ಎಣ್ಣೆ ಚರ್ಮದ ಜಿಡ್ಡಿನೊಡನೆ ಸೇರಿ ಹರಿದು ಕಣ್ಣಿಗಿಳಿಯುತ್ತದೆ. ರೆಪ್ಪೆಯ ಮೇಲೆ, ಹುಬ್ಬಿನ ಕೆಳಗೆ ಮಾತ್ರ ಜಿಂಕ್ ಆಕ್ಸೈಡ್ ಇರುವ ಸ್ಟಿಕ್ ಬಳಸಿದಳು. ಅಷ್ಟು ಚಿಕ್ಕ ಜಾಗದಲ್ಲಿ ಬಿಳಿ ಛಾಯೆ ತೊಂದರೆಯಾಗಲಿಲ್ಲ, ಉರಿ ನಿಂತಿತು.

ಹನ್ನೊಂದು ಗಂಟೆಯ ಜಿಡ್ಡು

ಹೊಸ ಸನ್‌ಸ್ಕ್ರೀನ್ ಹಚ್ಚಿ ಮೂರು ಗಂಟೆ ಕಳೆದ ಮೇಲೆ, ಬೆಳಗಿನ ಹನ್ನೊಂದರ ಹೊತ್ತಿಗೆ, ಹಣೆ ಮತ್ತೆ ಹೊಳೆಯತೊಡಗಿತು. ಸಿಲಿಕಾ ಕೆಟ್ಟಿತೆಂದು ಇದರ ಅರ್ಥವಲ್ಲ. ಪುಡಿ ಹೀರಬಲ್ಲಷ್ಟು ಹೀರಿತು, ತುಂಬಿತು. ಚರ್ಮ ಎಣ್ಣೆ ಬಿಡುವುದನ್ನು ಯಾವ ಸನ್‌ಸ್ಕ್ರೀನೂ ನಿಲ್ಲಿಸುವುದಿಲ್ಲ. ಹೊಳಪು ಬಂದ ಕೂಡಲೇ ರಕ್ಷಣೆ ಹೋಯಿತೆಂದೂ ಅಲ್ಲ. ರಕ್ಷಣೆಗೆ ನಿಜವಾದ ಪೆಟ್ಟು ಬೀಳುವುದು ಆ ಹೊಳಪನ್ನು ಕಂಡು ಕರವಸ್ತ್ರದಿಂದ ಮುಖ ಉಜ್ಜಿಕೊಂಡಾಗ. ಆಕೆ ದಿನಕ್ಕೆ ಮೂರು ನಾಲ್ಕು ಸಲ ಅದನ್ನೇ ಮಾಡುತ್ತಿದ್ದಳು. ಒರೆಸುವ ಬದಲು ಟಿಶ್ಯೂ ಕಾಗದವನ್ನು ಹಣೆಯ ಮೇಲಿಟ್ಟು ಒತ್ತಿ ತೆಗೆದರೆ ಮೇಲಿನ ಜಿಡ್ಡು ಕಾಗದಕ್ಕೆ ಬರುತ್ತದೆ, ಪದರದ ಹೆಚ್ಚಿನ ಭಾಗ ಉಳಿಯುತ್ತದೆ.

ಮಧ್ಯಾಹ್ನದ ನಡಿಗೆಗೆ ಹೊರಡುವ ಮುನ್ನ ಹೀಗೆ ಒತ್ತಿ, ಅದರ ಮೇಲೆ ಇನ್ನೊಂದು 0.6 ಗ್ರಾಂ ಹಚ್ಚುವುದು ಎಂದು ನಿಶ್ಚಯವಾಯಿತು. ಪುಸ್ತಕದ ಮಾತು ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಪೂರ್ತಿ ಅಳತೆ. ದಿನವಿಡೀ ಹೊರಗಿರುವವರಿಗೆ ಅದನ್ನು ಒಂದಿಷ್ಟೂ ಸಡಿಲಿಸಬಾರದು. ಒಳಗೆ ಕೂತು ಇಪ್ಪತ್ತು ನಿಮಿಷಕ್ಕೆ ಹೊರಬರುವವರಿಗೆ, ಬೆಳಗಿನ ಪದರ ಒರೆಸಿಹೋಗಿಲ್ಲದಿದ್ದರೆ, ಅರ್ಧ ಅಳತೆ ಮತ್ತು ಒಂದು ಕೊಡೆ ಸಾಕೆಂದು ನಮ್ಮ ಅಭಿಪ್ರಾಯ. ಮಾಡಲಾಗದ ನಿಯಮಕ್ಕಿಂತ ದಿನವೂ ಮಾಡುವ ಅರ್ಧ ಅಳತೆ ಆಕೆಯ ಕೆನ್ನೆಗೆ ಹೆಚ್ಚು ಕೆಲಸ ಮಾಡಿತು. ಎಸ್‌ಪಿಎಫ್ ಇರುವ ಪೌಡರನ್ನು ಆಕೆ ಕೇಳಿದ್ದಳು. ಬ್ರಷ್‌ನಲ್ಲಿ ಮುಖದ ಮೇಲೆ 1.2 ಗ್ರಾಂ ಪೌಡರ್ ಕೂರಿಸಲು ಹೋದರೆ ಮುಖ ಸುಣ್ಣ ಬಳಿದಂತಾಗುತ್ತದೆ. ಸಾಮಾನ್ಯವಾಗಿ ಹಚ್ಚುವುದು ಅದರ ಸಣ್ಣ ಅಂಶ. ಹೊಳಪು ತಗ್ಗಿಸಲು ಪೌಡರ್ ಸರಿ, ಸನ್‌ಸ್ಕ್ರೀನ್ ಎಂದು ಎಣಿಸಕೂಡದು.

ಮೇಜನ್ನು ಕಿಟಕಿಯಿಂದ ಸರಿಸಿ, ಪರದೆ ಎಳೆದದ್ದೂ ಚಿಕಿತ್ಸೆಯ ಭಾಗವೇ. ಅದಕ್ಕೆ ಯಾವ ಟ್ಯೂಬೂ ಬೇಕಾಗಲಿಲ್ಲ.

ಎರಡು ತಿಂಗಳ ನಂತರ

ಮುಖ ಮತ್ತು ಕತ್ತಿನ ಬಣ್ಣದ ಅಂತರ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ಕಲೆಗಳು ಇನ್ನಷ್ಟು ಗಾಢವಾಗಿರಲಿಲ್ಲ, ಆದರೆ ಮಾಸುವ ವೇಗ ನಿಧಾನ. ಅದು ನಿರೀಕ್ಷಿತವೇ: ಸನ್‌ಸ್ಕ್ರೀನ್ ಹೊಸ ಬಣ್ಣ ಸೇರುವುದನ್ನು ತಡೆಯುತ್ತದೆ, ಇರುವ ಬಣ್ಣ ಚರ್ಮದಿಂದ ಹೋಗಲು ತಿಂಗಳುಗಟ್ಟಲೆ ಬೇಕು. ಮೊಡವೆಯನ್ನು ಸನ್‌ಸ್ಕ್ರೀನ್ ಗುಣಪಡಿಸುವುದಿಲ್ಲ, ಅದು ಅಡಾಪಲೀನ್‌ನ ಕೆಲಸ.

ಕಲೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ, ಅದರಲ್ಲೂ ನೀಲಿ ಭಾಗ, ಕಲೆಯನ್ನು ಗಾಢಮಾಡಬಲ್ಲದು. ಪಾರದರ್ಶಕ ಸನ್‌ಸ್ಕ್ರೀನ್, ಪಿಎ++++ ಇದ್ದರೂ, ಈ ಬೆಳಕನ್ನು ತಡೆಯುವುದಿಲ್ಲ. ಬೆಳಕು ಹಾದುಹೋಗುವುದರಿಂದಲೇ ಅದು ಪಾರದರ್ಶಕ. ಇದಕ್ಕೆ ಐರನ್ ಆಕ್ಸೈಡ್ ಬಣ್ಣ ಸೇರಿದ ಲೇಪ ಬೇಕು. ಮುಖಕ್ಕೆಲ್ಲ ಬಣ್ಣದ ಸನ್‌ಸ್ಕ್ರೀನ್ ಪೂರ್ತಿ ಅಳತೆ ಹಚ್ಚಲು ಆಕೆಗೆ ಮನಸ್ಸಿರಲಿಲ್ಲ. ಹಾಗಾಗಿ ಮಾಮೂಲಿ 1.2 ಗ್ರಾಂ ಒಣಗಿದ ಮೇಲೆ ಕೆನ್ನೆಯ ಕಲೆಗಳ ಮೇಲೆ ಮಾತ್ರ ಚರ್ಮಕ್ಕೆ ಹೊಂದುವ ಬಣ್ಣದ ಸನ್‌ಸ್ಕ್ರೀನನ್ನು ತಟ್ಟಿ ಕೂರಿಸತೊಡಗಿದಳು. ಕೆಳಗಿನ ಪದರ ಜರುಗದಿರಲೆಂದು ತಟ್ಟುವುದು, ಉಜ್ಜುವುದಲ್ಲ.

ನಡುವೆ ದವಡೆಯಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದಾಗ ಹೊಸ ಸನ್‌ಸ್ಕ್ರೀನೇ ಕಾರಣವೆಂದು ಬಿಟ್ಟುಬಿಡುವುದರಲ್ಲಿದ್ದಳು. ವಿಚಾರಿಸಿದರೆ ರಾತ್ರಿ ಮುಖ ತೊಳೆಯುವುದು ಕೆನ್ನೆ, ಹಣೆಗಷ್ಟೇ ಸೀಮಿತವಾಗಿತ್ತು. ಹಿಂದೆ ಸನ್‌ಸ್ಕ್ರೀನ್ ಅಷ್ಟಾಗಿ ತಲುಪದಿದ್ದ ದವಡೆಗೆ ಈಗ ಚೆನ್ನಾಗಿ ತಲುಪುತ್ತಿತ್ತು, ಆದರೆ ಅಲ್ಲಿಂದ ತೊಳೆದುಹೋಗುತ್ತಿರಲಿಲ್ಲ. ಫೇಸ್‌ವಾಶ್ ಅನ್ನು ದವಡೆ, ಕತ್ತಿನವರೆಗೆ ಒಯ್ದು ಒಂದು ನಿಮಿಷ ಉಜ್ಜಿ ತೊಳೆದ ಮೇಲೆ ಮೂರು ವಾರದಲ್ಲಿ ಗುಳ್ಳೆ ಇಳಿದವು. ಹಾಗೆ ಇಳಿಯದೇ ಹೋಗಿದ್ದರೆ ಸನ್‌ಸ್ಕ್ರೀನ್ ಬದಲಿಸುವುದೇ ಸರಿಯಾಗುತ್ತಿತ್ತು.

ಈಗ ಬೆಳಗಿನ 1.2 ಮತ್ತು ಮಧ್ಯಾಹ್ನದ 0.6 ಸೇರಿ ದಿನಕ್ಕೆ 1.8 ಗ್ರಾಂ. 50 ಗ್ರಾಮಿನ ಟ್ಯೂಬು 28 ದಿನದ ಹೊತ್ತಿಗೆ ಮುಗಿಯಬೇಕು. ಐದನೇ ವಾರಕ್ಕೂ ಉಳಿದಿದ್ದರೆ ಎಲ್ಲೋ ಗೆರೆ ತೆಳ್ಳಗಾಗಿದೆ ಎಂದು ಆಕೆಗೇ ತಿಳಿಯುತ್ತದೆ. ಈಜಲು ಹೋಗುವ ದಿನಗಳಿಗೆ ಮಾತ್ರ ಈ ಜೆಲ್-ಕ್ರೀಮ್ ಆಗುವುದಿಲ್ಲ, ಇದರ ಮೇಲೆ ನೀರಿಗೆ ನಿಲ್ಲುವ ಗುರುತಿಲ್ಲ. ಅಂಥ ದಿನಕ್ಕೆ 40 ಅಥವಾ 80 ನಿಮಿಷ ನೀರಿಗೆ ತಾಳುತ್ತದೆಂದು ಬರೆದ, ಸ್ವಲ್ಪ ಜಿಡ್ಡಾದರೂ ಗಟ್ಟಿಯಾಗಿ ಕೂರುವ ಇನ್ನೊಂದನ್ನು ಇಟ್ಟುಕೊಂಡಿದ್ದಾಳೆ. ನೀರಿನಿಂದ ಎದ್ದು ಟವೆಲ್‌ನಲ್ಲಿ ಮುಖ ಒರೆಸಿಕೊಂಡ ಮೇಲೆ, ನಿಮಿಷ ಎಷ್ಟೇ ಉಳಿದಿರಲಿ, ಮತ್ತೆ ಪೂರ್ತಿ ಅಳತೆ ಹಚ್ಚುತ್ತಾಳೆ.